ಹೆಸರು ಕೆತ್ತಿದ ಫಲಕ: ಲಿಸ್ಟಿಂಗ್‌ನಲ್ಲಿ ಏನೇನು ಬರೆದಿದ್ದೀರಿ?

ಸಾಗರದಿಂದ ಪ್ರಶ್ನೆ: ಸಾಗುವಾನಿ ಹಲಗೆ ಮೇಲೆ ಮನೆ ಹೆಸರು ಕೆತ್ತಿ ಕೊಡ್ತೀವಿ. ಈಗ ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದೀವಿ. ಹೆಸರು ಬರೆಯೋ ಬಾಕ್ಸ್, ಕೆತ್ತೋ ಮೊದಲು ಗ್ರಾಹಕರಿಗೆ ತೋರಿಸೋ ಪ್ರೂಫ್, ಎಷ್ಟು ದಿನ ಬೇಕು, ವಾಪಸ್ ಇಲ್ಲ ಅನ್ನೋದು, ಇದನ್ನೆಲ್ಲ ಹೇಗೆ ಬರೀಬೇಕು? ಮಾಡ್ತಿರೋರು ಅನುಭವ ಹೇಳಿ.

ಭದ್ರಾವತಿ, ಮಗ್ ಪ್ರಿಂಟಿಂಗ್: ತಲೆ ಕೆಡಿಸ್ಕೋಬೇಡಿ ಅಣ್ಣ. ಬಾಕ್ಸಿಗೆ 20 ಅಕ್ಷರದ ಮಿತಿ ಇಡಿ, ಕೆಳಗೆ ‘ಯಾವ ಕಾರಣಕ್ಕೂ ವಾಪಸ್ ಇಲ್ಲ’ ಅಂತ ದಪ್ಪಗೆ ಹಾಕಿ. ಒಬ್ಬರ ಹೆಸರಿನ ಮಾಲು ಇನ್ನೊಬ್ಬರಿಗೆ ಮಾರೋಕಾಗುತ್ತಾ? ನಾನು ಹಾಗೇ ನಡೆಸ್ತಿದೀನಿ.

ಶಿವಮೊಗ್ಗ, ಲೇಸರ್ ಮತ್ತು ಸಿಎನ್‌ಸಿ ಕೆತ್ತನೆ: ಮೇಲಿನವರು ಹೇಳಿದ್ದು ಅರ್ಧ ಸರಿ. ಗ್ರಾಹಕ ಮನಸ್ಸು ಬದಲಾಯಿಸಿದರೆ ವಾಪಸ್ ಇಲ್ಲ ಅನ್ನಬಹುದು. ‘ಯಾವ ಕಾರಣಕ್ಕೂ’ ಅನ್ನೋದು ಮಾತ್ರ ನಿಲ್ಲಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷವಿದ್ದರೆ, ಒಪ್ಪಿಕೊಂಡ ಹಾಗೆ ಇಲ್ಲದಿದ್ದರೆ, ಇಲ್ಲವೇ ನೀವೇ ಹೇಳಿದ ದಿನಕ್ಕೆ ತಲುಪದಿದ್ದರೆ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ತಡಕ್ಕೆ ಪ್ರಕೃತಿ ವಿಕೋಪದಂಥ ಕಾರಣ ಇದ್ದರೆ ಬೇರೆ ಮಾತು. ಅಂದರೆ ನಿಮ್ಮ ವಾಪಸ್ ಷರತ್ತು ಎಷ್ಟು ಗಟ್ಟಿ ಅನ್ನೋದು ಪ್ರೂಫ್ ಮೇಲೆ, ದಿನಗಳ ಲೆಕ್ಕದ ಮೇಲೆ ನಿಂತಿದೆ.

ಮೊದಲು ಬಾಕ್ಸ್. 20ರ ಮಿತಿ ಇಂಗ್ಲಿಷಿಗೆ ಸರಿ, ಕನ್ನಡಕ್ಕೆ ಸಾಲಲ್ಲ. ‘ಶ್ರೀ’ ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರ್ ಅದನ್ನ ಶ, ಹಲಂತ ಚಿಹ್ನೆ, ರ, ಈಕಾರದ ದೀರ್ಘ ಅಂತ ನಾಲ್ಕಾಗಿ ಎಣಿಸುತ್ತೆ. ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’ ಬರೆದು ನೋಡಿ. ನಾವು ಓದೋದು ಹತ್ತಕ್ಷರ, ಬಾಕ್ಸಿನ ಲೆಕ್ಕದಲ್ಲಿ 26. ಮಿತಿ 20 ಇದ್ದರೆ ‘ಶ್ರೀ ಲಕ್ಷ್ಮೀನರಸಿಂಹ ಪ’ ಅಂತ ನಿಂತುಹೋಗುತ್ತೆ. ಫೋನಲ್ಲಿ ಅವಸರದಲ್ಲಿ ಆರ್ಡರ್ ಮಾಡೋರು ಗಮನಿಸೋದೇ ಇಲ್ಲ. ಮಿತಿ 60 ಇಡಿ, ಹಲಗೆ ಮೇಲೆ ಎಷ್ಟು ಸಾಲು ಹಿಡಿಯುತ್ತೆ ಅಂತ ಫೋಟೋದಲ್ಲಿ ತೋರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ‘ಕನ್ನಡದಲ್ಲಿ ಕೆತ್ತಿ’ ಅಂದರೆ ನೀವೇ ಊಹಿಸಿ ಕೆತ್ತಬೇಡಿ. ಲಕ್ಷ್ಮಿಯೋ ಲಕ್ಷ್ಮೀಯೋ ಅನ್ನೋದು ಅವರ ಮನೆ ವಿಷಯ, ಕೇಳಿ ಕನ್ನಡದಲ್ಲೇ ಬರೆಸಿಕೊಳ್ಳಿ.

ಪ್ರೂಫ್ ವಿಷಯಕ್ಕೆ ಬಂದರೆ, ವಾಟ್ಸಾಪಲ್ಲಿ ಹೆಸರು ಟೈಪ್ ಮಾಡಿ ‘ಇದೇನಾ?’ ಅಂದರೆ ಅದು ಪ್ರೂಫ್ ಅಲ್ಲ. ಯೂನಿಕೋಡ್ ಹೆಸರನ್ನ ಹಳೇ ನುಡಿ ಫಾಂಟ್‌ಗೆ ಪೇಸ್ಟ್ ಮಾಡಿದರೆ ಅಕ್ಷರಗಳೇ ಕೆಟ್ಟುಹೋಗುತ್ತೆ, ಡಿಸೈನ್ ಸಾಫ್ಟ್‌ವೇರ್ ಹಳೇದಾಗಿದ್ದಾಗ ಒತ್ತಕ್ಷರ ಒಡೆಯುತ್ತೆ. ‘ಪ್ರಸನ್ನ’ದ ನ ಒತ್ತು ಕೆಳಗಿಳಿಯದೆ ‘ಪ್ರಸನ್‌ನ’ ಆಗಿ ಕೂರುತ್ತೆ. ಟೈಪ್ ಮಾಡಿದ ಮೆಸೇಜಲ್ಲಿ ಇದು ಕಾಣಲ್ಲ. ಹಾಗಾಗಿ ಅಕ್ಷರಗಳನ್ನ ಕರ್ವ್ಸ್‌ಗೆ, ಅಂದರೆ ಗೆರೆಗಳ ಚಿತ್ರಕ್ಕೆ, ಬದಲಾಯಿಸಿ, ಮೆಷಿನ್‌ಗೆ ಹೋಗೋ ಅದೇ ಫೈಲಿಂದ ಚಿತ್ರ ತೆಗೆದು ಕಳಿಸಿ. ಅಳತೆಯನ್ನೂ ಅದರಲ್ಲೇ ಹಾಕಿ. ಮರದ ಬಣ್ಣ, ನಾರು ಚಿತ್ರದ ಹಾಗೇ ಬರಲ್ಲ ಅಂತ ಒಂದು ಸಾಲು ಇರಲಿ. ಗ್ರಾಹಕ ‘ಒಪ್ಪಿದೆ’ ಅಂತ ಬರೆದ ಮೆಸೇಜ್ ಉಳಿಸಿಕೊಳ್ಳಿ. ಥಂಬ್ಸ್ ಅಪ್ ನಾನಂತೂ ಒಪ್ಪಲ್ಲ, ಏನಕ್ಕೆ ಹಾಕಿದ್ದು ಅಂತ ಆಮೇಲೆ ಜಗಳ.

ದಿನಗಳನ್ನ ಆರ್ಡರ್ ದಿನದಿಂದ ಎಣಿಸಬೇಡಿ. ನನ್ನ ಲಿಸ್ಟಿಂಗ್‌ನಲ್ಲಿ ಇರೋದು ಹೀಗೆ: ‘ಪ್ರೂಫ್ 2 ದಿನದಲ್ಲಿ. ನೀವು ಒಪ್ಪಿದ ಮೇಲೆ ಕೆತ್ತನೆ, ಪಾಲಿಶ್‌ಗೆ 7 ಕೆಲಸದ ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 12. ಕೊರಿಯರ್ ದಿನ ಬೇರೆ.’ ಮಳೆಗಾಲದ ಲೆಕ್ಕ ಸಾಗರದಲ್ಲಿ ನಿಮಗೆ ಹೇಳಿಕೊಡಬೇಕಾ! ಥಂಡಿ ಗಾಳಿಯಲ್ಲಿ ಪಾಲಿಶ್ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತೆ, ಮತ್ತೆ ಉಜ್ಜಿ ಹೊಡೀಬೇಕು. ‘ಗೃಹಪ್ರವೇಶ ಯಾವತ್ತು?’ ಅಂತ ಇನ್ನೊಂದು ಬಾಕ್ಸೂ ಇಡಿ. ಆಗಲ್ಲ ಅನ್ನೋದಾದರೆ ದುಡ್ಡು ತಗೊಳ್ಳೋ ಮೊದಲೇ ಹೇಳಬಹುದು.

ತೀರ್ಥಹಳ್ಳಿ: ನಾನು ಮಗಳ ಹೆಸರಿನ ಫೋಟೋ ಫ್ರೇಮ್ ತರಿಸಿದ್ದೆ. ಹೆಸರು ಸರಿ ಇದೆ, ಗಾಜು ಬಿರುಕು ಬಿಟ್ಟಿದೆ. ಪ್ರೂಫ್ ಒಪ್ಪಿದ್ದೀರಲ್ಲ, ವಾಪಸ್ ಇಲ್ಲ ಅಂತಾರೆ. ಇಲ್ಲಿ ಯಾರಾದ್ರೂ ಬದಲಾಯಿಸಿ ಕೊಡ್ತೀರಾ?

ಶಿವಮೊಗ್ಗ: ಮೇಡಂ, ಇಲ್ಲಿ ಕೇಳ್ತಿರೋದು ಮಾರೋರು. ಆದ್ರೂ ಹೇಳ್ತೀನಿ, ನೀವು ಒಪ್ಪಿದ್ದು ಹೆಸರನ್ನ, ಬಿರುಕನ್ನಲ್ಲ. ಫೋಟೋ ಸಮೇತ ಬರವಣಿಗೆಯಲ್ಲೇ ಕೇಳಿ. ಬಗ್ಗದಿದ್ದರೆ 1915ಗೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಸಾಗರ: ಥ್ಯಾಂಕ್ಸ್ ಸರ್. ಪ್ರೂಫ್ ಕಳಿಸಿದ ಮೇಲೆ ಗ್ರಾಹಕ ಉತ್ತರನೇ ಕೊಡದಿದ್ದರೆ?

ಭದ್ರಾವತಿ: ಎರಡು ದಿನ ಸುಮ್ಮನಿದ್ದರೆ ಒಪ್ಪಿದ ಹಾಗೇ ಅಂತ ಲಿಸ್ಟಿಂಗಲ್ಲೇ ಬರೆದುಬಿಡಿ. ನನ್ನದು ಹಾಗೇ.

ಶಿವಮೊಗ್ಗ: ಮಗ್‌ಗೆ ನಡೀಬಹುದು, ನಷ್ಟ ಆದ್ರೂ ಒಂದು ಮಗ್. ಸಾಗುವಾನಿ ಹಲಗೆಗೆ ನಾನು ಆ ಧೈರ್ಯ ಮಾಡಲ್ಲ, ಉತ್ತರ ಬರೋವರೆಗೆ ಕೆತ್ತಲ್ಲ.

ಹೊಸನಗರ, ಉಡುಗೊರೆ ಅಂಗಡಿ: ಕೆತ್ತದೆ ಎಷ್ಟು ದಿನ ದುಡ್ಡು ಇಟ್ಕೊಂಡಿರ್ತೀರಿ ಸರ್? ನಾನು ಹತ್ತು ದಿನ ಕಾದು, ಪ್ರೂಫ್ ಮಾಡಿದ್ದಕ್ಕೆ ಅಂತ ಸ್ವಲ್ಪ ಹಿಡಿದು ಉಳಿದಿದ್ದು ವಾಪಸ್ ಹಾಕ್ತೀನಿ. ಲಿಸ್ಟಿಂಗಲ್ಲಿ ಮೊದಲೇ ಬರೆದಿದೀನಿ, ಆದ್ರೂ ಕೆಲವರು ಅದಕ್ಕೂ ಜಗಳ ತೆಗೀತಾರೆ.