ಇತಿಹಾಸದ ಉತ್ತರ ಕಥೆಯಾಗಿಬಿಡುತ್ತಿದೆ

ಕೇಳಿದವರು: ಮೇನ್ಸ್ ಕನ್ನಡದಲ್ಲೇ ಬರೀತಿದ್ದೀನಿ. ಟೆಸ್ಟ್‌ನಲ್ಲಿ 15 ಅಂಕದ ಪ್ರಶ್ನೆ: ‘1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿ ವಹಿಸಿಕೊಳ್ಳಲು ನಗರ ಪ್ರಾಂತ್ಯದ ರೈತ ದಂಗೆಯೇ ಕಾರಣವೇ? ವಿಮರ್ಶಿಸಿ.’ ಎಲ್ಲಾ ಬರೆದೆ, ‘ಬರೀ ನಿರೂಪಣೆ’ ಅಂತ ಷರಾ ಹಾಕಿ 4 ಕೊಟ್ಟಿದ್ದಾರೆ. ಹೇಗೆ ತಿದ್ದಿಕೊಳ್ಳಲಿ?

ಹಳೇ ಮೌಲ್ಯಮಾಪಕ: ನಿಮ್ಮ ಪ್ಯಾರಾಗಳ ಮೊದಲ ಪದಗಳನ್ನಷ್ಟೇ ಓದಿ. ‘1799ರಲ್ಲಿ’, ‘ನಂತರ’, ‘ಕೊನೆಗೆ’ ಅಂತಿದ್ದರೆ ಅದು ಕಥೆ. ಪ್ರಶ್ನೆಯಲ್ಲಿರುವುದು ‘ದಂಗೆಯೇ’ ಅನ್ನುವಾಗಿನ ಆ ‘ಏ’. ಉತ್ತರ ಅದಕ್ಕೆ ಬೇಕು. ಮೊದಲ ಸಾಲಲ್ಲೇ ನಿಲುವು ಹೇಳಿ: ದಂಗೆ ಸಮಯ ಒದಗಿಸಿತು, ಕಾರಣ ಕಂದಾಯದಲ್ಲಿತ್ತು. ಆಮೇಲೆ ಶರತ್ತು ಪದ್ಧತಿ. ಇಷ್ಟು ವಸೂಲಿ ಮಾಡಿಕೊಡುತ್ತೇನೆ ಅಂತ ಅಮಲ್ದಾರ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಕಡಿಮೆ ಬಿದ್ದದ್ದನ್ನು ಅವನೇ ತುಂಬಬೇಕು, ಹಾಗಾಗಿ ರೈತನನ್ನು ಹಿಂಡಿದ. ಇಷ್ಟು ಬರೆದರೆ ದಂಗೆಯೇ ಒಂದು ಪರಿಣಾಮ ಅನ್ನೋದು ಸಾಬೀತಾಯ್ತು. ಮೂರನೆಯದು 1799ರ ಒಪ್ಪಂದ: ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕು, ಅದಕ್ಕೆ ಧಕ್ಕೆಯಾದರೆ ಕಂಪನಿ ಆಡಳಿತಕ್ಕೆ ಕೈಹಾಕಬಹುದು. ಎದುರು ವಾದವಾಗಿ, ಗವರ್ನರ್ ಜನರಲ್ ಬೆಂಟಿಂಕ್‌ಗೇ ಆಮೇಲೆ ತನ್ನ ನಿರ್ಧಾರದ ಬಗ್ಗೆ ಅನುಮಾನ ಬಂದು, ಒಂದು ಭಾಗವನ್ನಾದರೂ ಮುಮ್ಮಡಿಯವರಿಗೆ ಹಿಂದಿರುಗಿಸೋಣ ಅಂದದ್ದು. ದಂಗೆಯ ಘಟನೆಗಳಿಗೆ 250 ಪದಗಳಲ್ಲಿ 50ಕ್ಕಿಂತ ಹೆಚ್ಚು ಕೊಡಬೇಡಿ.

ಫ್ಲೋಚಾರ್ಟ್ ಪ್ರಿಯ: ಅಷ್ಟು ಯೋಚಿಸೋಕೆ ಟೈಮ್ ಎಲ್ಲಿದೆ ಸಾರ್? ಮೂರು ಗಂಟೆಗೆ 20 ಪ್ರಶ್ನೆ. ಕಾರಣಗಳನ್ನ ಆರ್ಥಿಕ, ರಾಜಕೀಯ, ತಕ್ಷಣದ್ದು ಅಂತ ಮೂರು ಬಾಕ್ಸ್ ಮಾಡಿ ಅಂಡರ್‌ಲೈನ್ ಹೊಡೀರಿ. ನನಗೆ ಅಂಕ ಏರಿದ್ದೇ ಹಾಗೆ.

ಹಳೇ ಮೌಲ್ಯಮಾಪಕ: ವಿಂಗಡಿಸಿದ್ದು ಸರಿ, ಆದರೆ ಬಾಕ್ಸ್‌ಗಳ ನಡುವೆ ‘ಆದ್ದರಿಂದ’ ಎಲ್ಲಿ? ಯಾವುದು ಯಾವುದನ್ನು ಹುಟ್ಟಿಸಿತು ಅಂತ ಹೇಳದ ಬಾಕ್ಸ್ ಕೂಡ ನಿರೂಪಣೆಯೇ, ಗೆರೆ ಹಾಕಿದ್ದು ಅಷ್ಟೆ. ಟೈಮ್ ಬೇಕಾದರೆ ಬರೆಯುವ ಮೊದಲು ಒಂದು ನಿಮಿಷ ಕೊಟ್ಟು ನಿಲುವು, ಎರಡು ಆಧಾರ, ಒಂದು ಎದುರು ವಾದ ಗೀಚಿಕೊಳ್ಳಿ.

ಪಿಯು ಉಪನ್ಯಾಸಕಿ: ನಮ್ಮ ಮಕ್ಕಳಿಗೆ ಇದನ್ನ ಹೇಳಿಕೊಟ್ಟರೆ ಮುಳುಗ್ತಾರೆ! ಬೋರ್ಡ್‌ನಲ್ಲಿ ಅಂಕ ಪಾಯಿಂಟ್‌ಗೆ. ಇಸವಿ, ಹೆಸರು ಬಿಟ್ಟರೆ ಸ್ಕೀಮ್ ಪ್ರಕಾರ ಕಟ್ ಆಗತ್ತೆ.

ಫ್ಲೋಚಾರ್ಟ್ ಪ್ರಿಯ: ಮೇಡಂ, ಅವರು ಕೇಳಿದ್ದು ಪಿಯು ಅಲ್ಲ.

ಪಿಯು ಉಪನ್ಯಾಸಕಿ: ಗೊತ್ತು ಕಣಪ್ಪ. ಈ ಕಥೆ ಬರೆಯೋ ಚಾಳಿ ಶುರುವಾಗೋದೇ ಅಲ್ಲಿಂದ, ಅದಕ್ಕೆ ಹೇಳಿದ್ದು.

ದಫ್ತರದವ: ಮೇಷ್ಟ್ರೇ, ‘ಧಕ್ಕೆಯಾದರೆ’ ಅಂತ ಬರೆಸಬೇಡಿ. ಪೊಗದಿ ನಿಲ್ಲಬಹುದು ಅನ್ನೋ ಆತಂಕ ಗವರ್ನರ್ ಜನರಲ್‌ಗೆ ಬಂದರೂ ಸಾಕು ಅನ್ನುತ್ತೆ ಕರಾರು. ವಿಮರ್ಶೆ ಇರೋದೇ ಅಲ್ಲಿ: ಆತಂಕವನ್ನು ಅಳೆಯೋರು ಯಾರು?

ಹಳೇ ಮೌಲ್ಯಮಾಪಕ: ಒಪ್ಪಿದೆ. ಆದರೆ ಅಷ್ಟು ಸೂಕ್ಷ್ಮಕ್ಕೆ 15 ಅಂಕದಲ್ಲಿ ಜಾಗ ಇಲ್ಲ.

ದಫ್ತರದವ: ದಂಗೆಯ ಆ 50 ಪದ ಕಿತ್ತುಹಾಕಿ, ಜಾಗ ತಾನೇ ಬರುತ್ತೆ.