ಎತ್ತು ಮಾರಿದ ರೊಕ್ಕ ಚೆಕ್‌ಪೋಸ್ಟ್‌ನಲ್ಲಿ ಹಿಡಿದಿದ್ದಾರೆ, ಏನು ಮಾಡಬೇಕು?

ಪ್ರಶ್ನೆ (ಹುಲಕೋಟಿ ಕಡೆಯಿಂದ, ಏಪ್ರಿಲ್ 2024): ಅಪ್ಪಾಜಿ ಹುಬ್ಬಳ್ಳಿ ಎಪಿಎಂಸಿಯಲ್ಲಿ ಜೋಡಿ ಎತ್ತು ಮಾರಿ 1,42,000 ರೂಪಾಯಿ ತರುತ್ತಿದ್ದರು. ಅಣ್ಣಿಗೇರಿ ದಾಟಿದ ಮೇಲೆ ಚೆಕ್‌ಪೋಸ್ಟ್‌ನಲ್ಲಿ ಅಷ್ಟೂ ಜಪ್ತಿ ಮಾಡಿ ಒಂದು ರಸೀದಿ ಕೊಟ್ಟಿದ್ದಾರೆ. ರೊಕ್ಕ ಯಾವಾಗ ಸಿಗುತ್ತದೆ ಸರ್?

ಹುಬ್ಬಳ್ಳಿಯ ಅಂಗಡಿಯವರು: 50,000ಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ನೀತಿಸಂಹಿತೆಯಲ್ಲೇ ಇದೆ. ಜೂನ್ 4ಕ್ಕೆ ಎಣಿಕೆ ಆಗಲಿ, ಆಮೇಲೆ ಕೊಡುತ್ತಾರೆ. ಅಲ್ಲಿವರೆಗೆ ಸುಮ್ನೆ ಇರಿ.

ನಿವೃತ್ತ ತಹಶೀಲ್ದಾರ್: ಸುಮ್ನೆ ಇರಬೇಡಿ. ನಾನು ಎರಡು ಚುನಾವಣೆಯಲ್ಲಿ ಚೆಕ್‌ಪೋಸ್ಟ್ ತಂಡದ ಮ್ಯಾಜಿಸ್ಟ್ರೇಟ್ ಆಗಿದ್ದೆ. ಆ ದಿನಗಳಲ್ಲಿ ಸಂಬಳ ಕೊಡುವುದು ಕಂದಾಯ ಇಲಾಖೆ, ಕೆಲಸ ಮಾತ್ರ ಚುನಾವಣಾ ಆಯೋಗದ್ದು. ಆಯೋಗಕ್ಕೆ ಸ್ವಂತ ಸಿಬ್ಬಂದಿ ಬಹಳ ಕಡಿಮೆ. ನಮ್ಮಂಥವರನ್ನೇ ಎರವಲು ಪಡೆದು ಚುನಾವಣೆ ನಡೆಸುತ್ತದೆ.

ನೀತಿಸಂಹಿತೆಯಲ್ಲಿ 50,000 ಅನ್ನುವ ಅಂಕಿಯೇ ಇಲ್ಲ. ಅದು ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಇರುವ ನಡತೆಯ ಪಟ್ಟಿ, ಕಾನೂನಲ್ಲ. ಆ ಅಂಕಿ ಬಂದಿದ್ದು ಜಪ್ತಿಯ ಬಗ್ಗೆ ಆಯೋಗ 2015ರಲ್ಲಿ ಹೊರಡಿಸಿದ ಸೂಚನೆಯಿಂದ. ಗಾಡಿಯಲ್ಲಿ ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇದ್ದರೆ, ಇಲ್ಲವೇ ಪೋಸ್ಟರ್‌ನಂಥ ಪ್ರಚಾರದ ಸಾಮಾನು ಇದ್ದರೆ, 50,000 ಮೀರಿದ ನಗದನ್ನು ಜಪ್ತಿ ಮಾಡಬಹುದು. ಯಾವ ಅನುಮಾನವೂ ಇಲ್ಲದಿದ್ದರೆ 10 ಲಕ್ಷಕ್ಕಿಂತ ಜಾಸ್ತಿ ಸಿಕ್ಕರೂ ಹಿಡಿಯುವಂತಿಲ್ಲ, ಆದಾಯ ತೆರಿಗೆಯವರಿಗೆ ತಿಳಿಸಬೇಕು ಅಷ್ಟೇ. ಆದರೆ ಚೆಕ್‌ಪೋಸ್ಟ್‌ನಲ್ಲಿ ಇಷ್ಟೆಲ್ಲ ಯಾರು ಓದಿರುತ್ತಾರೆ? ಕ್ಯಾಮೆರಾ ಓಡುತ್ತಿರುತ್ತದೆ. ಬಿಟ್ಟರೆ ಯಾಕೆ ಬಿಟ್ಟೆ ಅಂತ ಕೇಳುತ್ತಾರೆ, ಹಿಡಿದರೆ ಯಾರೂ ಕೇಳಲ್ಲ. ನಾನೂ ಒಮ್ಮೆ ಹಾಗೇ ಹೆದರಿ ಒಬ್ಬ ಹಾಲಿನ ವ್ಯಾಪಾರಿಯ ದುಡ್ಡು ಹಿಡಿದಿದ್ದೆ.

ಈಗ ರಸೀದಿ ನೋಡಿ. ಮೇಲ್ಮನವಿ ಎಲ್ಲಿ ಕೊಡಬೇಕು ಅಂತ ಅದರಲ್ಲೇ ಬರೆದಿರಬೇಕು. ಚೆಕ್‌ಪೋಸ್ಟ್ ಯಾವ ಜಿಲ್ಲೆಯದೋ ಅದೇ ಜಿಲ್ಲೆಗೆ ಹೋಗಬೇಕು. ನಿಮ್ಮದು ಗಡಿಯ ಜಾಗ, ಧಾರವಾಡವೋ ಗದಗವೋ ಖಾತ್ರಿ ಮಾಡಿಕೊಳ್ಳಿ. ಜಿಲ್ಲಾ ಪಂಚಾಯತ್ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ, ಈ ಮೂವರ ಸಮಿತಿ ಇರುತ್ತದೆ. ಪ್ರತಿ ಜಪ್ತಿಯನ್ನೂ ಅವರು ತಾವಾಗಿಯೇ ಪರಿಶೀಲಿಸಬೇಕು. ಆದರೂ ಅರ್ಜಿ ಕೊಟ್ಟರೆ ಕೆಲಸ ಬೇಗ. ಎಪಿಎಂಸಿ ಚೀಟಿ, ಎತ್ತು ಕೊಂಡವರ ಒಂದು ಬರಹ, ಅಪ್ಪಾಜಿಯ ಆಧಾರ್, ಹೊಲದ ಉತಾರ, ಇವಿಷ್ಟು ಇಟ್ಟುಕೊಂಡು ಹೋಗಿ. ಎಫ್‌ಐಆರ್ ಆಗಿಲ್ಲದಿದ್ದರೆ, ಅಭ್ಯರ್ಥಿ ಅಥವಾ ಪಕ್ಷದ ನಂಟೂ ಇಲ್ಲದಿದ್ದರೆ ಬಿಡುಗಡೆಯ ಆದೇಶ ಮಾಡುತ್ತಾರೆ. ಏನೇ ಆದರೂ ಮತದಾನವಾಗಿ 7 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ. ನಿಮಗೆ ಮತದಾನ ಮೇ 7, ಅಂದರೆ ಮೇ 14 ಕಡೆಯ ದಿನ. ಎಣಿಕೆಗೂ ಇದಕ್ಕೂ ಸಂಬಂಧವಿಲ್ಲ.

ಬ್ಯಾಡಗಿಯವರು: ನಮ್ಮ ಊರಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಸೀರೆ ಹಂಚಿದಾಗ ದಿಲ್ಲಿ ಆಯೋಗಕ್ಕೆ ಪತ್ರ ಬರೆದೆವು, ಉತ್ತರವೇ ಬರಲಿಲ್ಲ. ಇವರಿಂದ ಏನಾಗುತ್ತದೆ ಬಿಡಿ.

ನಿವೃತ್ತ ತಹಶೀಲ್ದಾರ್: ವಿಳಾಸ ತಪ್ಪಿದೆ ರೀ. ಪಂಚಾಯ್ತಿ, ನಗರಸಭೆ, ಪಾಲಿಕೆ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು. ಅದು ಬೇರೆಯೇ ಸಂಸ್ಥೆ, ದಿಲ್ಲಿಯದರ ಶಾಖೆ ಅಲ್ಲ.

ಹುಲಕೋಟಿಯವರೇ, ಒಂದು ಮಾತು ಕೇಳಬೇಕು. ಗಾಡಿ ಯಾರದು? ಅದರಲ್ಲಿ ಬೇರೆ ಏನಾದರೂ ಇತ್ತಾ?

ಪ್ರಶ್ನೆ ಕೇಳಿದವರು: ಬಾಡಿಗೆ ಟಾಟಾ ಏಸ್ ಸರ್. ಅಪ್ಪಾಜಿ ಈಗ ಹೇಳಿದರು. ಡ್ರೈವರ್ ಸೀಟಿನ ಹಿಂದೆ ಒಂದು ಗಂಟು ಪಕ್ಷದ ಶಾಲು ಇತ್ತಂತೆ. ನಮಗೆ ಗೊತ್ತೇ ಇರಲಿಲ್ಲ.

ಹುಬ್ಬಳ್ಳಿಯ ಅಂಗಡಿಯವರು: ನೋಡಿ, ನಾನು ಹೇಳಿದ್ದು ಅದನ್ನೇ.

ನಿವೃತ್ತ ತಹಶೀಲ್ದಾರ್: ನೀವು ಹೇಳಿದ್ದು ಅದಲ್ಲ. ಆದರೆ ಶಾಲು ಇದ್ದರೆ ಹಿಡಿದವರನ್ನು ಪೂರ್ತಿ ತಪ್ಪು ಅನ್ನಲಾರೆ. ಸಮಿತಿ ನೋಡುವುದು ರೊಕ್ಕಕ್ಕೂ ಶಾಲಿಗೂ ನಂಟು ಇದೆಯಾ ಅಂತ. ಅಪ್ಪಾಜಿ ಬಾಡಿಗೆ ಕೊಟ್ಟು ಕೂತವರು, ಬಾಡಿಗೆಯ ಮಾತನ್ನೂ ಅರ್ಜಿಯಲ್ಲಿ ಬರೆಯಿರಿ. ತಪಾಸಣೆಯ ವಿಡಿಯೋ ಇರುತ್ತದೆ, 300 ರೂಪಾಯಿ ಕಟ್ಟಿ ಪ್ರತಿ ಕೇಳಬಹುದು. ರೊಕ್ಕ ಅಪ್ಪಾಜಿಯ ಧೋತರದ ಗಂಟಿನಲ್ಲಿ ಸಿಕ್ಕಿದ್ದೋ, ಶಾಲಿನ ಗಂಟಿನಲ್ಲಿ ಸಿಕ್ಕಿದ್ದೋ ಅದರಲ್ಲಿ ಕಾಣುತ್ತದೆ. ಮೊದಲು ಠಾಣೆಯಲ್ಲಿ ಎಫ್‌ಐಆರ್ ಆಗಿದೆಯಾ ವಿಚಾರಿಸಿ. ಆಗಿದ್ದರೆ ಆ 7 ದಿನದ ಲೆಕ್ಕ ನಡೆಯಲ್ಲ, ಕೋರ್ಟಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಧೋತರದ ಗಂಟಿನಲ್ಲೇ ಇತ್ತು ಸರ್. ರಸೀದಿಯಲ್ಲಿ ಗದಗ ಅಂತ ಇದೆ. ಡ್ರೈವರ್ ಮಾತ್ರ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ನಾಳೆ ಮುಂಜಾನೆ ಠಾಣೆಗೆ ಹೋಗಿ ಬಂದು ಇಲ್ಲೇ ಬರೆಯುತ್ತೇನೆ.