ಪದಚರ್ಚೆ: ‘ನಿರೀಕ್ಷಿತ’ ಅಂದರೆ ನಾವು ನಿರೀಕ್ಷಿಸಬೇಕೇ? ನಾಲ್ಕು ಕೊಡೆಗಳ ಲೆಕ್ಕದಲ್ಲಿ ಎದ್ದ ಪ್ರಶ್ನೆ

ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಾನು ಮನೆಯಲ್ಲೇ ಪಿಯುಸಿ ಮತ್ತು ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹತ್ತನೆಯವರೆಗೆ ಕನ್ನಡದಲ್ಲೇ ಓದಿ ಬಂದವರು ಜಾಸ್ತಿ. ಅವರಿಗೋಸ್ಕರ ಸಂಭವನೀಯತೆಯ ಟಿಪ್ಪಣಿ ಬರೆಯುತ್ತಿದ್ದೇನೆ. ರ‍್ಯಾಂಡಮ್ ವೇರಿಯೇಬಲ್‌ಗೆ ‘ಯಾದೃಚ್ಛಿಕ ಚಲಕ’ ಅಂತ ಬರೆದು ಮುಂದೆ ಹೋದೆ. ‘ಇಂಡಿಕೇಟರ್’ ಮತ್ತು ‘ಎಕ್ಸ್‌ಪೆಕ್ಟೆಡ್’ ಹತ್ತಿರ ಬಂದು ನಿಂತೆ.

ಲೆಕ್ಕ ಹೀಗಿದೆ. ಆಟಿ ತಿಂಗಳ ಮಳೆ. ನಾಲ್ಕು ಮಕ್ಕಳು ಜಗಲಿಯಲ್ಲಿ ಕೊಡೆ ಇಟ್ಟು ಒಳಗೆ ಬರುತ್ತಾರೆ. ಪಾಠ ಮುಗಿಯುವಾಗ ಕರೆಂಟ್ ಹೋಗಿರುತ್ತದೆ. ಕತ್ತಲಲ್ಲಿ ಕೈಗೆ ಸಿಕ್ಕಿದ ಕೊಡೆ ಎತ್ತಿಕೊಂಡು ಹೊರಡುತ್ತಾರೆ. ತಮ್ಮದೇ ಕೊಡೆ ಸಿಕ್ಕಿದವರು ಸರಾಸರಿ ಎಷ್ಟು ಮಂದಿ?

ಪುಸ್ತಕದ ದಾರಿ ಚಿಕ್ಕದು. ಪ್ರತಿ ಮಗುವಿಗೆ ಒಂದು ಗುರುತು ಇಡುತ್ತೇವೆ. ತನ್ನ ಕೊಡೆ ಸಿಕ್ಕಿದರೆ 1, ಇಲ್ಲದಿದ್ದರೆ 0. ಇದೇ ಇಂಡಿಕೇಟರ್. ಒಂದು ಮಗುವಿಗೆ ತನ್ನದು ಸಿಗುವ ಸಂಭವ 1/4, ಹಾಗಾಗಿ ಆ ಗುರುತಿನ ಸರಾಸರಿಯೂ 1/4. ನಾಲ್ಕು ಗುರುತುಗಳನ್ನು ಕೂಡಿದರೆ 1. ನಲವತ್ತು ಮಕ್ಕಳಿದ್ದರೂ 40 × 1/40, ಅಂದರೆ ಮತ್ತೆ 1.

ನಾನು ಇಂಡಿಕೇಟರ್‌ಗೆ ‘ಸೂಚಕ ಚಲಕ’, ಎಕ್ಸ್‌ಪೆಕ್ಟೆಡ್ ವ್ಯಾಲ್ಯೂಗೆ ‘ನಿರೀಕ್ಷಿತ ಬೆಲೆ’ ಅಂತ ಬರೆದಿದ್ದೆ. ಆಗ ಒಬ್ಬಳು ಹುಡುಗಿ ಕೇಳಿದಳು: “ಟೀಚರ್, ಇಬ್ಬರೇ ಇದ್ದರೆ? ಇಬ್ಬರಿಗೂ ಸರಿ ಸಿಗ್ತದೆ, ಇಲ್ಲ ಇಬ್ಬರಿಗೂ ಅದಲುಬದಲು ಆಗ್ತದೆ. ಒಂದು ಅಂತ ಬರ್ಲಿಕ್ಕೇ ಇಲ್ಲ. ಬಾರದೇ ಇರುವುದನ್ನು ನಿರೀಕ್ಷಿಸುವುದು ಹೇಗೆ?” ನನಗೆ ಉತ್ತರ ಗೊತ್ತಿತ್ತು. ಆದರೆ ಆ ಪದವನ್ನು ಇಟ್ಟುಕೊಂಡು ಉತ್ತರ ಹೇಳಲಿಕ್ಕೆ ಆಗಲಿಲ್ಲ. ಇದಕ್ಕಿಂತ ಒಳ್ಳೆಯ ಪದ ಉಂಟಾ?

ಬಂಟ್ವಾಳದಿಂದ

ಮೇಡಂ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ‘ಸೂಚಕ’ ಬೇಡ. ನಮ್ಮ ಮಕ್ಕಳಿಗೆ ಸೂಚಕ ಅಂದರೆ ಲಿಟ್ಮಸ್ ಕಾಗದ. ಆಮ್ಲಕ್ಕೆ ಕೆಂಪು, ಪ್ರತ್ಯಾಮ್ಲಕ್ಕೆ ನೀಲಿ. ನಿಮ್ಮ ಲೆಕ್ಕದಲ್ಲಿ ಯಾವ ಬಣ್ಣ ಏನನ್ನು ಸೂಚಿಸುತ್ತದೆ ಅಂತ ನನಗೂ ಗೊತ್ತಾಗಲಿಲ್ಲ. ಕೊಡೆಯ ಬಣ್ಣ ಅಂತಲಾ? ನಮ್ಮ ಮೊಮ್ಮಗಳ ಕೊಡೆ ಕೆಂಪು. ಮನೆಯಲ್ಲಿ ಉಳಿದದ್ದೆಲ್ಲ ಕಪ್ಪು. ಅವಳ ಕೊಡೆ ಈವರೆಗೆ ಒಮ್ಮೆಯೂ ಬದಲಾಗಿಲ್ಲ. ನನ್ನದು ಮಾತ್ರ ಮದುವೆಗೆ ಹೋದಲ್ಲೆಲ್ಲ ಬದಲಾಗುತ್ತದೆ.

ಸುರತ್ಕಲ್‌ನಿಂದ

ಪದ ಆಮೇಲೆ ನೋಡುವ. ಮೊದಲು ಲೆಕ್ಕದಲ್ಲೇ ಒಂದು ಸಂಶಯ. ಆ ನಾಲ್ಕು ಗುರುತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೂವರಿಗೆ ತಮ್ಮತಮ್ಮದು ಸಿಕ್ಕಿದರೆ ನಾಲ್ಕನೆಯವನಿಗೂ ಸಿಕ್ಕೇ ಸಿಗುತ್ತದೆ. ಹೀಗೆ ಅಂಟಿಕೊಂಡಿರುವಾಗ ಸುಮ್ನೆ ಕೂಡಿಬಿಡಬಹುದಾ? ಕಾಲೇಜಿನಲ್ಲಿ ‘ಸ್ವತಂತ್ರವಾಗಿದ್ದರೆ ಮಾತ್ರ’ ಅಂತ ಓದಿದ ನೆನಪು. ಇನ್ನೊಂದು, ಕೊನೆಗೆ ಹೊರಡುವವನಿಗೆ ಆಯ್ಕೆಯೇ ಇಲ್ಲ, ಉಳಿದದ್ದನ್ನು ತಗೊಳ್ಳಬೇಕು. ಮೊದಲು ಹೋದವನಿಗೆ 1/4 ಸರಿ. ಕೊನೆಯವನಿಗೂ 1/4 ಹೇಗಾಗುತ್ತದೆ?

ಮಣಿಪಾಲದಿಂದ

ಮೇಡಂ, ನಾನು ನಿವೃತ್ತ ಸಂಖ್ಯಾಶಾಸ್ತ್ರದ ಮಾಷ್ಟ್ರು. ಸುರತ್ಕಲ್‌ನವರಿಗೆ ಮೊದಲು ಉತ್ತರಿಸುತ್ತೇನೆ. ಪದವೂ ಆ ಉತ್ತರದಲ್ಲೇ ಸಿಗಬಹುದು.

ಗುರುತುಗಳು ಅಂಟಿಕೊಂಡಿವೆ ಎಂದದ್ದು ನಿಜ. ಆದರೆ ಕೂಡುವುದಕ್ಕೆ ಅದು ಅಡ್ಡಿಯಲ್ಲ. ಒಂದು ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ನಾಲ್ಕು ಕೊಡೆಗಳನ್ನು ನಾಲ್ವರಿಗೆ ಹಂಚುವ ಕ್ರಮಗಳು 24. ಒಂದೊಂದು ಕ್ರಮಕ್ಕೆ ಒಂದೊಂದು ಅಡ್ಡಸಾಲು, ಒಂದೊಂದು ಮಗುವಿಗೆ ಒಂದೊಂದು ಕಂಬಸಾಲು. ತನ್ನ ಕೊಡೆ ಸಿಕ್ಕಿದಲ್ಲಿ ಟಿಕ್ ಹಾಕಿ. ಈಗ ಅಡ್ಡಸಾಲುಗಳನ್ನು ಎಣಿಸಿ ನೋಡಿ. ಒಂದೂ ಟಿಕ್ ಇಲ್ಲದವು 9. ಒಂದೇ ಟಿಕ್ ಇರುವವು 8. ಎರಡಿರುವವು 6. ಮೂರಿರುವ ಸಾಲು ಒಂದೂ ಇಲ್ಲ, ನೀವು ಹೇಳಿದ ಕಾರಣಕ್ಕೇ. ನಾಲ್ಕೂ ಇರುವುದು 1. ಟಿಕ್‌ಗಳ ಮೊತ್ತ 8 + 12 + 4, ಅಂದರೆ 24. ಇಪ್ಪತ್ತನಾಲ್ಕು ಸಾಲಿಗೆ ಹಂಚಿದರೆ ಸಾಲಿಗೆ ಒಂದು.

ಅದೇ ಪುಸ್ತಕವನ್ನು ಮೇಲಿಂದ ಕೆಳಗೆ ಎಣಿಸಿ. ಒಂದು ಮಗುವಿಗೆ ತನ್ನ ಕೊಡೆ ಕೊಟ್ಟುಬಿಟ್ಟರೆ ಉಳಿದ ಮೂರನ್ನು 6 ರೀತಿಯಲ್ಲಿ ಹಂಚಬಹುದು. ಹಾಗಾಗಿ ಪ್ರತಿ ಕಂಬದಲ್ಲಿ 6 ಟಿಕ್. ನಾಲ್ಕು ಕಂಬ, ಮತ್ತೆ 24. ಟಿಕ್‌ಗಳು ಅವೇ, ಎಣಿಸುವ ದಿಕ್ಕು ಮಾತ್ರ ಬೇರೆ. ಕಂಬದಲ್ಲಿ ಎಣಿಸುವಾಗ ಪಕ್ಕದ ಕಂಬದಲ್ಲಿ ಏನಾಯಿತು ಎಂದು ನೋಡುವುದೇ ಇಲ್ಲ. ಆದ್ದರಿಂದಲೇ ಸ್ವತಂತ್ರವಾಗಿರಬೇಕು ಎಂಬ ಷರತ್ತು ಇಲ್ಲಿ ಬೇಕಾಗಿಲ್ಲ.

ಅದು ಬೇಕಾಗುವುದು ಗುಣಿಸುವಾಗ. ಯಾರಿಗೂ ತನ್ನದು ಸಿಗದ ಸಂಭವ ಎಷ್ಟು ಎಂದು ಕೇಳಿದರೆ, ಸ್ವತಂತ್ರ ಎಂದುಕೊಂಡು 3/4 ಅನ್ನು ನಾಲ್ಕು ಸಲ ಗುಣಿಸುವವರಿದ್ದಾರೆ. 81/256 ಬರುತ್ತದೆ, ಸುಮಾರು 0.316. ನಿಜವಾದದ್ದು 9/24, ಅಂದರೆ 0.375. ಸರ್, ನಿಮಗೆ ನೆನಪಿರುವ ಎಚ್ಚರಿಕೆ ಈ ಜಾಗದ್ದು.

ಕೊನೆಯವನ ವಿಷಯ. ಅವನ ಕೊಡೆ ಉಳಿಯಬೇಕಾದರೆ ಅವನಿಗಿಂತ ಮೊದಲು ಹೊರಟ ಮೂವರೂ ಅದನ್ನು ಬಿಟ್ಟು ಹೋಗಬೇಕು. ಮೊದಲಿನವ ಬಿಡುವ ಸಂಭವ 3/4, ಎರಡನೆಯವ 2/3, ಮೂರನೆಯವ 1/2. ಗುಣಿಸಿದರೆ 1/4. ಕೊನೆಯವನಿಗೆ ಆಯ್ಕೆ ಇಲ್ಲ ಎನ್ನುವುದು ಸರಿ. ಅವಕಾಶ ಮಾತ್ರ ಕಡಿಮೆಯಾಗಿಲ್ಲ. ಇಲ್ಲಿ 2/3, 1/2 ಎನ್ನುವುದೆಲ್ಲ ‘ಈವರೆಗೆ ಯಾರೂ ಅದನ್ನು ಎತ್ತಿಲ್ಲ’ ಎಂದು ಗೊತ್ತಾದ ಮೇಲಿನ ಸಂಭವಗಳು. ಅದಕ್ಕೇ ಇಲ್ಲಿ ಗುಣಿಸಬಹುದು.

ಬಂಟ್ವಾಳದವರ ಕೆಂಪು ಕೊಡೆ ನನಗೆ ಬಹಳ ಇಷ್ಟವಾಯಿತು. ಸೂಚಕ ಅಂದರೆ ಬಣ್ಣ ಅಲ್ಲ. ಆದರೆ ಬಣ್ಣ ಬಂದರೆ ಲೆಕ್ಕವೇ ಬದಲಾಗುತ್ತದೆ. ಕರೆಂಟ್ ಇದೆ, ಒಂದು ಕೊಡೆ ಕೆಂಪು, ಮೂರು ಕಪ್ಪು ಅಂತಿಟ್ಟುಕೊಳ್ಳಿ. ಕೆಂಪು ಕೊಡೆಯವಳಿಗೆ ತನ್ನದು ಸಿಗುವುದು ಖಚಿತ, ಅವಳ ಸಂಭವ 1. ಉಳಿದ ಮೂವರಿಗೆ 1/3, 1/3, 1/3. ಮೊತ್ತ 2. ಎರಡು ಕೆಂಪು ಎರಡು ಕಪ್ಪು ಇದ್ದರೂ ಎಲ್ಲರಿಗೂ 1/2, ಮೊತ್ತ 2. ಮೂರು ಬಣ್ಣವಾದರೆ 3. ಒಂದೇ ಬಣ್ಣದವು ತಮ್ಮೊಳಗೆ ಮಾತ್ರ ಬದಲಾಗುವುದರಿಂದ ಬಣ್ಣಕ್ಕೆ ಒಂದರಂತೆ ಬರುತ್ತದೆ. ‘ಎಷ್ಟು ಜನರಿದ್ದರೂ ಒಂದೇ’ ಎಂಬ ಉತ್ತರ ನಿಲ್ಲುವುದು ಎಲ್ಲ ಕ್ರಮಗಳಿಗೂ ಸಮಾನ ಅವಕಾಶ ಇದ್ದಾಗ. ಮೇಡಂ, ಟಿಪ್ಪಣಿಯಲ್ಲಿ ‘ಕತ್ತಲಲ್ಲಿ’ ಎಂಬ ಪದವನ್ನು ದಯವಿಟ್ಟು ತೆಗೆಯಬೇಡಿ.

ಈಗ ‘ನಿರೀಕ್ಷಿತ’. ನಿಮ್ಮ ಹುಡುಗಿ ಕೇಳಿದ್ದು ನ್ಯಾಯ. ನಾಲ್ಕು ಕೊಡೆಗಳಲ್ಲೂ ಅತಿ ಹೆಚ್ಚು ಸಲ ಬರುವುದು ಒಂದು ಅಲ್ಲ, ಸೊನ್ನೆ. 9 ಮತ್ತು 8 ನೋಡಿ. ಈ ಪದ ಜೂಜಿನ ಲೆಕ್ಕದಿಂದ ಬಂದದ್ದು. ಡಚ್ ಗಣಿತಜ್ಞ ಹೈಗೆನ್ಸ್ ಬರೆದ ಕಿರುಗ್ರಂಥದ 1657ರ ಲ್ಯಾಟಿನ್ ಅನುವಾದದಲ್ಲಿ ‘ಎಕ್ಸ್‌ಪೆಕ್ಟಾಶಿಯೋ’ ಎಂಬ ಪದ ಬಳಕೆಯಾಯಿತು. ಆಟ ಮುಗಿಯುವ ಮೊದಲೇ ಆಟಗಾರನ ಪಾಲಿಗೆ ನ್ಯಾಯವಾಗಿ ಎಷ್ಟು ಬೆಲೆ ಕಟ್ಟಬಹುದು ಎಂಬ ಪ್ರಶ್ನೆ ಅದು. ಮುಂದೆ ಇದೇ ಆಗುತ್ತದೆ ಎಂದು ಕಾಯುವ ಅರ್ಥ ಅದರಲ್ಲಿಲ್ಲ. ನಾನಾದರೆ ‘ಸರಾಸರಿ’ ಅಂತಲೇ ಬರೆಯುತ್ತೇನೆ. ಸೂಚಕಕ್ಕೆ ‘ಹಾಜರಿ ಚಲಕ’ ಆಗಬಹುದಾ? ಹಾಜರಾದರೆ 1, ಗೈರಾದರೆ 0.

ಮಂಗಳೂರಿನಿಂದ

ಮಾಷ್ಟ್ರ ಹಾಜರಿ ಪುಸ್ತಕ ಓದಿ ಸಂತೋಷವಾಯಿತು. ಈ ವಿಷಯ ನನಗೆ ಮೊದಲ ಸಲ ಅರ್ಥವಾಯಿತು. ನಾನು ಕರಡು ತಿದ್ದುವವಳು, ಹಾಗಾಗಿ ಪದದ ಬಗ್ಗೆ ಮಾತ್ರ ಹೇಳುತ್ತೇನೆ. ವಿವರಿಸಲಿಕ್ಕೆ ಹಾಜರಿ ತುಂಬ ಚಂದ. ಪಾರಿಭಾಷಿಕ ಪದವಾಗಿ ಎಲ್ಲ ಕಡೆ ಕೂರುವುದಿಲ್ಲ. ನಾಳೆ ನಾಣ್ಯ ಚಿಮ್ಮುವ ಲೆಕ್ಕ ಬಂದರೆ ‘ತಲೆ ಹಾಜರಾಯಿತು’ ಅನ್ನಬೇಕಾಗುತ್ತದೆ. ಮೇಡಂ ಮೊದಲ ಪತ್ರದಲ್ಲೇ ‘ಗುರುತು’ ಅಂತ ಸಹಜವಾಗಿ ಬರೆದಿದ್ದಾರೆ, ಗಮನಿಸಿದಿರಾ? ‘ಗುರುತು ಚಲಕ’ ಅಂದರೆ ಲಿಟ್ಮಸ್ಸೂ ಅಡ್ಡ ಬರುವುದಿಲ್ಲ.

‘ಸರಾಸರಿ’ಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಸರಾಸರಿ ಅಂದ ಕೂಡಲೇ ಎದುರಿಗೆ ಅಂಕಿಗಳಿವೆ, ಕೂಡಿ ಭಾಗಿಸಿದ್ದಾರೆ ಅಂತ ಓದುಗರು ತಿಳಿಯುತ್ತಾರೆ. ಇಲ್ಲಿ ಇನ್ನೂ ಯಾರೂ ಕೊಡೆ ಎತ್ತಿಯೇ ಇಲ್ಲ. ‘ನಿರೀಕ್ಷಿತ ಬೆಲೆ’ ಇನ್ನೂ ಕಷ್ಟ, ಅಡಿಕೆಗೆ ಎಷ್ಟು ಸಿಗಬಹುದು ಅಂತ ಕೇಳಿದ ಹಾಗೆ. ‘ನಿರೀಕ್ಷಿತ ಸರಾಸರಿ’ ಅಂತ ಎರಡನ್ನೂ ಜೊತೆಗೆ ಇಟ್ಟರೆ?

ಮತ್ತೊಂದು. ತನ್ನ ಕೊಡೆ ತನಗೇ ಸಿಗುವ ಹಾಗೆ, ಅದಲುಬದಲಿನಲ್ಲೂ ತನ್ನ ಜಾಗದಲ್ಲೇ ಉಳಿಯುವುದಕ್ಕೆ ಪುಸ್ತಕಗಳಲ್ಲಿ ‘ಸ್ಥಿರಬಿಂದು’ ಅಂತ ಇರುತ್ತದೆ. ಕೊಡೆ ಬಿಂದು ಅಲ್ಲ. ಮಕ್ಕಳು ಗೆರೆಯ ಮೇಲಿನ ಚುಕ್ಕಿ ಹುಡುಕುತ್ತಾರೆ.

ಮಣಿಪಾಲದಿಂದ

‘ಗುರುತು ಚಲಕ’ ಒಪ್ಪಿದೆ, ಹಾಜರಿ ವಿವರಣೆಯಲ್ಲಿ ಇರಲಿ. ‘ನಿರೀಕ್ಷಿತ ಸರಾಸರಿ’ ಎರಡು ಬೇರೆ ಪದಗಳ ಜೋಡಣೆಯಂತೆ ಕಾಣುತ್ತದೆ, ಯೋಚಿಸಬೇಕು. ‘ಸ್ಥಿರಬಿಂದು’ವನ್ನು ಬಿಡಲು ನನಗೆ ಮನಸ್ಸಿಲ್ಲ. ಮುಂದೆ ಫಂಕ್ಷನ್‌ಗಳ ಪಾಠದಲ್ಲೂ ಅದೇ ಪದ ಸಿಗುತ್ತದೆ. ಅಲ್ಲಿಗೊಂದು ಇಲ್ಲಿಗೊಂದು ಮಾಡಿದರೆ ಎರಡೂ ಒಂದೇ ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ.

ಉಡುಪಿಯಿಂದ

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಮಕ್ಕಳಿಂದ ಚೀಟಿ ಹಂಚಿಸಿ ಹಾಜರಿ ಪುಸ್ತಕ ಬರೆಸಿದೆ. ನಾಲ್ಕು ಚೀಟಿ, ಮೂವತ್ತು ಸಲ. ಮೊತ್ತ 33 ಟಿಕ್ ಬಂತು, ಸಾಲಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸಾಲಿನಲ್ಲಿ ಮೂರು ಟಿಕ್ ಇತ್ತು. ಕೊಡೆಯ ಪ್ರಶ್ನೆ ಕೇಳಿದ ಅದೇ ಹುಡುಗಿ ಎದ್ದು, ಇದು ಆಗ್ಲಿಕ್ಕೇ ಸಾಧ್ಯ ಇಲ್ಲ ಅಂದಳು. ಬರೆದವನು ಆ ಸಾಲನ್ನು ತಪ್ಪಾಗಿ ತುಂಬಿದ್ದ. ಅದನ್ನು ಹೊಡೆದುಹಾಕಿದೆವು. 29 ಸಾಲು, 30 ಟಿಕ್ ಉಳಿಯಿತು.

ಟಿಪ್ಪಣಿಯಲ್ಲಿ ‘ಗುರುತು ಚಲಕ’ ಅಂತ ತಿದ್ದಿದ್ದೇನೆ. ಬಂಟ್ವಾಳದ ಮಾಷ್ಟ್ರ ಕೆಂಪು ಕೊಡೆಯನ್ನು ಎರಡನೆಯ ಲೆಕ್ಕವಾಗಿ ಸೇರಿಸಿದ್ದೇನೆ. ‘ನಿರೀಕ್ಷಿತ’ದ ಜಾಗದಲ್ಲಿ ಸದ್ಯಕ್ಕೆ ‘ಸರಾಸರಿ’ ಅಂತ ಇದೆ, ಪೆನ್ಸಿಲ್‌ನಲ್ಲಿ. ‘ಸ್ಥಿರಬಿಂದು’ವಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದಲುಬದಲು ಆದ ಮೇಲೂ ತನ್ನ ಜಾಗದಲ್ಲೇ ಉಳಿದದ್ದಕ್ಕೆ ತುಳುವಿನಲ್ಲೋ ಕುಂದಗನ್ನಡದಲ್ಲೋ ಒಂದೇ ಮಾತಿನ ಪದ ಇದ್ದರೆ ತಿಳಿದವರು ಬರೆಯಿರಿ.